ಪಾಸಾದ ಸುದ್ದಿ, ನೆರವಾದವರ ಹೆಸರು

ಲಿಂಕ್ಡ್‌ಇನ್ ಖಾತೆ ಇರುವವರಿಗೆ ಈ ಬಗೆಯ ಪೋಸ್ಟ್ ಹೊಸದೇನಲ್ಲ. ಆರು ಮೂಲೆಯ ಒಂದು ಬ್ಯಾಡ್ಜ್, ಅದರ ಮೇಲೆ ‘ಹೇಳಿಕೊಳ್ಳಲು ಅತೀವ ಸಂತೋಷವಾಗುತ್ತಿದೆ’ ಎಂಬ ಒಂದು ಸಾಲು, ಎರಡು ರಾಕೆಟ್, ಮೂರು ಕೈಮುಗಿದ ಚಿಹ್ನೆ, ಕೊನೆಗೆ ಹತ್ತು ಹದಿನೈದು ಜನರ ಹೆಸರು ಸಾಲಾಗಿ. ನೋಡಿದವರು ಅಭಿನಂದನೆಯ ಬಟನ್ ಒತ್ತಿ ಮುಂದೆ ಹೋಗುತ್ತಾರೆ. ಪಾಸಾದದ್ದು ಯಾವ ಪರೀಕ್ಷೆ, ಅದರಲ್ಲಿ ಏನು ಕೇಳುತ್ತಾರೆ, ಆ ಹದಿನೈದು ಜನ ಮಾಡಿದ್ದಾದರೂ ಏನು ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಅಪರೂಪಕ್ಕೆ ಇನ್ನೊಂದು ಬಗೆಯದೂ ಕಣ್ಣಿಗೆ ಬೀಳುತ್ತದೆ. ಏಳೆಂಟು ವಾಕ್ಯ, ಅಷ್ಟೆ. ಇಂಥ ಪರೀಕ್ಷೆ ಪಾಸಾದೆ, ಇದಕ್ಕಾಗಿ ಓದಿದೆ, ಇಂಥವರು ಹೀಗೆ ಸಹಾಯ ಮಾಡಿದರು. ಅಂಥದ್ದನ್ನು ಓದಿದಾಗ ಬರೆದವರ ಬಗ್ಗೆ ಒಂದಿಷ್ಟು ತಿಳಿಯುತ್ತದೆ. ಅವರಿಗೆ ನೆರವಾದವರ ಬಗ್ಗೆ ಇನ್ನೂ ಹೆಚ್ಚು ತಿಳಿಯುತ್ತದೆ. ನನ್ನ ಮಟ್ಟಿಗೆ ವಿನಯದ ಪೋಸ್ಟ್ ಎಂದರೆ ಇದೇ. ‘ನಾನೇನೂ ದೊಡ್ಡವನಲ್ಲ’ ಎಂದು ಹೇಳಿಕೊಳ್ಳುವುದರಲ್ಲಿ ವಿನಯವಿಲ್ಲ, ಆದದ್ದನ್ನು ಆದಷ್ಟೇ ಹೇಳುವುದರಲ್ಲಿದೆ. ಅಷ್ಟೇ ಹೇಳಬೇಕಾದರೆ ಪರೀಕ್ಷೆ ಏನೆಂದು ಮೊದಲು ಸರಿಯಾಗಿ ಗೊತ್ತಿರಬೇಕು. ಅದಕ್ಕೆ ಒಂದೇ ಪರೀಕ್ಷೆ ಹಿಡಿದು ನೋಡೋಣ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಯಾರನ್ನು ಕೇಳಿದರೂ ಹೆಸರು ಕೇಳಿರುವಂಥದ್ದು ಅದು.

ಅಮೆಜಾನ್ ಎಂದರೆ ನಮಗೆ ಮನೆಗೆ ಪಾರ್ಸೆಲ್ ತರುವ ಕಂಪನಿ. ಅದರ ಇನ್ನೊಂದು ದೊಡ್ಡ ವ್ಯಾಪಾರ ಕಂಪ್ಯೂಟರುಗಳನ್ನು ಬಾಡಿಗೆಗೆ ಕೊಡುವುದು. ಆ ವಿಭಾಗದ ಹೆಸರು ಅಮೆಜಾನ್ ವೆಬ್ ಸರ್ವಿಸಸ್, ಬಳಕೆಯಲ್ಲಿ ಎಡಬ್ಲ್ಯುಎಸ್. ಒಂದು ಬ್ಯಾಂಕೋ ಆಸ್ಪತ್ರೆಯೋ ತನ್ನ ಕಟ್ಟಡದಲ್ಲಿ ಸರ್ವರ್ ಇಟ್ಟುಕೊಂಡು, ಅದಕ್ಕೆ ಎಸಿ, ಜನರೇಟರ್, ಕಾವಲು ಎಲ್ಲ ನೋಡಿಕೊಳ್ಳುವ ಬದಲು ಎಡಬ್ಲ್ಯುಎಸ್‌ನ ಯಂತ್ರಗಳನ್ನು ಬಳಸಿ, ಬಳಸಿದಷ್ಟಕ್ಕೆ ದುಡ್ಡು ಕಟ್ಟುತ್ತದೆ. ಭಾರತದಲ್ಲಿ ಇದರ ಮೊದಲ ಕೇಂದ್ರಸಮೂಹ 2016ರಲ್ಲಿ ಮುಂಬೈಯಲ್ಲಿ ಶುರುವಾಯಿತು, 2022ರಲ್ಲಿ ಹೈದರಾಬಾದಿನಲ್ಲಿ ಎರಡನೆಯದು. ಈ ಬಾಡಿಗೆ ಯಂತ್ರಗಳನ್ನು ಹೇಗೆ ಜೋಡಿಸಿದರೆ ಕೆಲಸ ಕೆಡುವುದಿಲ್ಲ, ಕಳ್ಳರಿಗೆ ದಾರಿಯಾಗುವುದಿಲ್ಲ, ಬಿಲ್ಲು ಕೈಮೀರುವುದಿಲ್ಲ ಎಂದು ಯೋಚಿಸುವವರನ್ನು ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಎನ್ನುತ್ತಾರೆ. ಆ ಯೋಚನೆಯ ಬುನಾದಿ ಒಬ್ಬರಲ್ಲಿ ಇದೆಯೇ ಎಂದು ನೋಡುವ ಪರೀಕ್ಷೆಯೊಂದನ್ನು ಎಡಬ್ಲ್ಯುಎಸ್ಸೇ ನಡೆಸುತ್ತದೆ. ಪೂರ್ಣ ಹೆಸರು AWS Certified Solutions Architect – Associate.

ಪರೀಕ್ಷೆ 130 ನಿಮಿಷದ್ದು, 65 ಪ್ರಶ್ನೆ. ಅದರಲ್ಲಿ 15 ಪ್ರಶ್ನೆಗಳಿಗೆ ಅಂಕವಿಲ್ಲ. ಮುಂದೆ ಬಳಸಲು ಯೋಗ್ಯವೇ ಎಂದು ಪರಖಿಸಲು ಸೇರಿಸಿರುತ್ತಾರೆ, ಯಾವುವು ಎಂದು ಹೇಳುವುದಿಲ್ಲ. ಎಲ್ಲವೂ ಆಯ್ಕೆಯ ಪ್ರಶ್ನೆಗಳು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಅಂಕ ಕೊಡುವುದು 100ರಿಂದ 1000ದವರೆಗಿನ ಒಂದು ಅಳತೆಯಲ್ಲಿ, 720 ಬಂದರೆ ಪಾಸು. ಶುಲ್ಕ 150 ಡಾಲರ್, ನಮ್ಮ ಲೆಕ್ಕದಲ್ಲಿ ಹನ್ನೆರಡು ಸಾವಿರ ರೂಪಾಯಿಗೂ ಮೇಲೆ. ಫೇಲಾದರೆ 14 ದಿನ ಕಾದು, ಮತ್ತೆ ಪೂರ್ತಿ ಶುಲ್ಕ ಕಟ್ಟಿ ಕೂರಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಒಂದು ವಿಷಯ ತಿಳಿದಿದ್ದರೆ ಒಳ್ಳೆಯದು: ಇಂಗ್ಲಿಷ್ ಮನೆಮಾತಲ್ಲದವರು ಕೇಳಿಕೊಂಡರೆ 30 ನಿಮಿಷ ಹೆಚ್ಚು ಕೊಡುತ್ತಾರೆ. ಆದರೆ ಪರೀಕ್ಷೆಯ ದಿನ ಬುಕ್ ಮಾಡುವ ಮುನ್ನವೇ ಖಾತೆಯಲ್ಲಿ ಕೇಳಿಕೊಂಡಿರಬೇಕು. ಎಷ್ಟೋ ಜನ ಇದು ಗೊತ್ತಿಲ್ಲದೆ ಉದ್ದುದ್ದ ಪ್ರಶ್ನೆಗಳನ್ನು ಎರಡೆರಡು ಸಲ ಓದುತ್ತಾ ಕೊನೆಯ ಹತ್ತು ಪ್ರಶ್ನೆಗೆ ಕಣ್ಣುಮುಚ್ಚಿ ಟಿಕ್ ಮಾಡಿ ಬರುತ್ತಾರೆ.

ಪಾಸಾದವರಿಗೆ ಏನು ಬರುತ್ತದೆ ಎಂಬುದು ಎಷ್ಟು ಮುಖ್ಯವೋ ಈ ಪರೀಕ್ಷೆ ಏನನ್ನು ನೋಡುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಇಲ್ಲಿ ಕೈಯಾರೆ ಏನನ್ನೂ ಕಟ್ಟಿ ತೋರಿಸಬೇಕಾಗಿಲ್ಲ. ಹೀಗೊಂದು ಕಂಪನಿಗೆ ಹೀಗೊಂದು ಸಮಸ್ಯೆ ಇದೆ, ಖರ್ಚು ಕಡಿಮೆಯಾಗುವ ದಾರಿ ಯಾವುದು ಎಂದು ಕೇಳುತ್ತಾರೆ. ಕೊಟ್ಟ ಆಯ್ಕೆಗಳಲ್ಲಿ ಸರಿಯಾದದ್ದನ್ನು ಆರಿಸಬೇಕು. ಕ್ಯುಬರ್ನೆಟೀಸ್ ಎಂಬ ತಂತ್ರಾಂಶದ ಸಿಕೆಎ ಪರೀಕ್ಷೆ ಹಾಗಲ್ಲ. ಅಲ್ಲಿ ಎರಡು ಗಂಟೆ ಕಾಲ ನಿಜವಾದ ಕಂಪ್ಯೂಟರಿನ ಮುಂದೆ ಕೂತು ಕೆಟ್ಟದ್ದನ್ನು ಸರಿಮಾಡಿ ತೋರಿಸಬೇಕು. ಎರಡೂ ‘ಸರ್ಟಿಫಿಕೇಷನ್’ಗಳೇ, ಆದರೆ ಹೇಳುವ ಸಂಗತಿ ಬೇರೆ. ಎಡಬ್ಲ್ಯುಎಸ್‌ನ ಈ ಪರೀಕ್ಷೆ ಪಾಸಾದವರು ‘ನಾನೀಗ ಆರ್ಕಿಟೆಕ್ಟ್’ ಎಂದು ಬರೆದರೆ ಅನುಭವಸ್ಥರು ಮುಗುಳ್ನಗುತ್ತಾರೆ. ಆರ್ಕಿಟೆಕ್ಟ್ ಎನ್ನುವುದು ಒಂದು ಹುದ್ದೆ, ಇದು ಆ ದಾರಿಯ ಒಂದು ಪರೀಕ್ಷೆ. ಹೆಸರಿನ ಕೊನೆಯಲ್ಲಿರುವ ‘ಅಸೋಸಿಯೇಟ್’ ಎಂಬ ಭಾಗವನ್ನು ಬಿಟ್ಟು ಬರೆಯುವವರೂ ಇದ್ದಾರೆ. ಇದರ ಮೇಲೆ ‘ಪ್ರೊಫೆಷನಲ್’ ಎಂಬ ಕಷ್ಟದ ಪರೀಕ್ಷೆ ಬೇರೆಯೇ ಇರುವುದರಿಂದ, ಬಿಟ್ಟದ್ದು ಮರೆವಲ್ಲ ಎಂದು ಓದಿದವರಿಗೆ ಅನ್ನಿಸದೆ ಇರದು. ಆನ್‌ಲೈನ್ ಕೋರ್ಸೊಂದರ ವಿಡಿಯೋಗಳನ್ನು ನೋಡಿ ಮುಗಿಸಿದ್ದಕ್ಕೆ ಬರುವ ಪ್ರಮಾಣಪತ್ರವನ್ನು ಇದರ ಪಕ್ಕದಲ್ಲೇ ನಿಲ್ಲಿಸುವುದು ಇನ್ನೊಂದು ಚಾಳಿ. ಕೋರ್ಸ್ ಮುಗಿಸುವುದು ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಯಾರೂ ಫೇಲಾಗುವುದಿಲ್ಲ.

ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದ. 2001ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಆತನೂ ಒಬ್ಬ. ಕೆಲಸ ಕೊಡುವವರಿಗೆ ಅಭ್ಯರ್ಥಿಯ ನಿಜವಾದ ಶಕ್ತಿ ಮೊದಲೇ ಕಾಣುವುದಿಲ್ಲ, ಆದ್ದರಿಂದ ಅವರು ಹೊರಗೆ ಕಾಣುವ ಗುರುತುಗಳನ್ನು ನೋಡುತ್ತಾರೆ. ಗುರುತಿಗೆ ಬೆಲೆ ಇರುವುದು ಅದನ್ನು ಪಡೆಯುವುದು ಕಷ್ಟವಾದಾಗ, ಅದರಲ್ಲೂ ಯೋಗ್ಯತೆ ಇಲ್ಲದವರಿಗೆ ಹೆಚ್ಚು ಕಷ್ಟವಾದಾಗ ಎಂಬುದು ಆತನ ವಾದದ ತಿರುಳು. ಕೋರ್ಸ್ ಮುಗಿಸಿದ ಪತ್ರ ಮತ್ತು ಪರೀಕ್ಷೆಯ ಬ್ಯಾಡ್ಜ್ ನಡುವಿನ ವ್ಯತ್ಯಾಸ ಅಷ್ಟರಲ್ಲೇ ಬಂತು.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಾಸನದ ಕಡೆಯ ಒಬ್ಬ ಹೆಣ್ಣುಮಗಳು, ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ನಾಲ್ಕು ವರ್ಷದಿಂದ ಸಪೋರ್ಟ್ ಎಂಜಿನಿಯರ್. ಗ್ರಾಹಕರ ವ್ಯವಸ್ಥೆ ಕೆಟ್ಟು ನಿಂತಾಗ ಕರೆ ಎತ್ತಿಕೊಳ್ಳುವುದು, ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ಆಕೆಯ ಕೆಲಸ. ಕಟ್ಟುವ ತಂಡಕ್ಕೆ ಹೋಗಬೇಕೆಂಬ ಆಸೆಯಿಂದ ಈ ಪರೀಕ್ಷೆಗೆ ಓದಿದಳು. ಪರೀಕ್ಷೆ ಮುಗಿಸಿ ಎದ್ದ ಕೂಡಲೇ ಫಲಿತಾಂಶ ಗೊತ್ತಾಗುವುದಿಲ್ಲ, ಐದು ಕೆಲಸದ ದಿನಗಳೊಳಗೆ ಬರುತ್ತದೆ. ಆಕೆಗೂ ಬಂತು, ಪಾಸು. ಆಮೇಲೆ ಕ್ರೆಡ್ಲಿ ಎಂಬ ಸಂಸ್ಥೆಯಿಂದ ಬ್ಯಾಡ್ಜ್ ಸ್ವೀಕರಿಸುವಂತೆ ಇನ್ನೊಂದು ಮೇಲ್ ಬಂತು.

ಆ ಸಂಜೆಯ ಸಂತೋಷದಲ್ಲಿ ಆಕೆ ಬರೆದ ಮೊದಲ ಕರಡು ಹೀಗಿದೆ ಎಂದುಕೊಳ್ಳಿ:

‘ಕೊನೆಗೂ ಆಯಿತು! ನಾನೀಗ ಎಡಬ್ಲ್ಯುಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಲು ಅತ್ಯಂತ ವಿನಮ್ರಳಾಗಿದ್ದೇನೆ. ಈ ಪಯಣ ಸುಲಭವಿರಲಿಲ್ಲ. ನಿದ್ದೆಯಿಲ್ಲದ ರಾತ್ರಿಗಳು, ಎಣಿಸಲಾರದಷ್ಟು ಸವಾಲುಗಳು. ನನ್ನ ಮೇಲೆ ನಂಬಿಕೆ ಇಟ್ಟ ನಿರ್ದೇಶಕರಿಗೆ, ಮ್ಯಾನೇಜರಿಗೆ, ಇಡೀ ತಂಡಕ್ಕೆ ಹೃತ್ಪೂರ್ವಕ ಧನ್ಯವಾದ. ಇದು ಆರಂಭ ಮಾತ್ರ!’

ಇದರಲ್ಲಿ ಸುಳ್ಳು ಒಂದೇ, ಆರ್ಕಿಟೆಕ್ಟ್ ಎನ್ನುವುದು. ಆದರೆ ಉಳಿದದ್ದರಲ್ಲಿ ಸುದ್ದಿಯೇ ಇಲ್ಲ. ಈ ಪಠ್ಯದಲ್ಲಿ ಪರೀಕ್ಷೆಯ ಹೆಸರು ತೆಗೆದು ಈಜಿನ ಪದಕವೆಂದು ಹಾಕಿದರೂ ನಡೆಯುತ್ತದೆ. ಕೆಟ್ಟ ಪೋಸ್ಟನ್ನು ಗುರುತಿಸಲು ನಾನು ಬಳಸುವ ಉಪಾಯ ಅದೇ. ಕೃತಜ್ಞತೆಯ ಸಾಲಿಗೂ ಅದನ್ನೇ ಅನ್ವಯಿಸಬಹುದು. ನಿರ್ದೇಶಕರ ಹೆಸರಿನ ಜಾಗದಲ್ಲಿ ಬೇರೆ ನಿರ್ದೇಶಕರನ್ನು ಕೂರಿಸಿದರೂ ವಾಕ್ಯಕ್ಕೆ ಏನೂ ಆಗುವುದಿಲ್ಲ ಎಂದರೆ, ಅವರು ಏನೂ ಮಾಡಿಲ್ಲ ಎಂದೇ ಓದುವವರಿಗೆ ಕಾಣುತ್ತದೆ.

ಹಾಗಾದರೆ ಯಾರು ಏನು ಮಾಡಿದರು? ಆಕೆ ಒಂದು ಹಾಳೆ ತೆಗೆದುಕೊಂಡು ಬರೆಯಲಿ. ತಂಡದ ಹಿರಿಯರೊಬ್ಬರು ಮಧ್ಯಾಹ್ನದ ಊಟದ ನಂತರ ವೈಟ್‌ಬೋರ್ಡಿನಲ್ಲಿ ಜಾಲದ ಚಿತ್ರ ಬಿಡಿಸಿ, ಗ್ರಾಹಕರ ಮಾಹಿತಿ ಇರುವ ಡೇಟಾಬೇಸನ್ನು ಇಂಟರ್ನೆಟ್‌ಗೆ ನೇರ ದಾರಿಯಿಲ್ಲದ ಒಳಭಾಗದಲ್ಲಿ ಏಕೆ ಇಡುತ್ತಾರೆ ಎಂದು ಹೇಳಿಕೊಟ್ಟರು. ಪಕ್ಕದ ಮೇಜಿನವನು ಎರಡು ಶನಿವಾರ ಆಕೆಯ ಆನ್‌ಕಾಲ್ ಸರದಿಯನ್ನು ತಾನು ವಹಿಸಿಕೊಂಡ. ಈ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಆಮೇಲೆ ಪಾಸಾಗಿದ್ದ ಇನ್ನೊಬ್ಬಳು ಆಕೆಯ ಅಣಕು ಪರೀಕ್ಷೆಗಳನ್ನು ನೋಡಿ, ‘ನೀನು ಪ್ರಶ್ನೆಯ ಕೊನೆಯ ಸಾಲನ್ನು ಓದುತ್ತಿಲ್ಲ ಕಣೇ, ಕಡಿಮೆ ಖರ್ಚು ಅಂತ ಕೇಳಿದ್ದಾರೆ, ನೀನು ಅತಿ ಭದ್ರವಾದದ್ದನ್ನು ಆರಿಸುತ್ತಿದ್ದೀಯ’ ಎಂದಳು. ಮ್ಯಾನೇಜರ್ ಶುಲ್ಕವನ್ನು ಕಂಪನಿಯಿಂದ ಮರುಪಾವತಿ ಮಾಡಿಸಿದರು. ನಿರ್ದೇಶಕರಿಗೆ ಈ ಪರೀಕ್ಷೆಯ ವಿಷಯವೇ ಗೊತ್ತಿಲ್ಲ. ಹಾಳೆಯಲ್ಲಿ ಅವರ ಹೆಸರು ಬರಲಿಲ್ಲ, ಪೋಸ್ಟಿನಲ್ಲೂ ಬೇಡ.

ಕಲಿತದ್ದರಲ್ಲಿ ಒಂದನ್ನಾದರೂ ಹೇಳಬೇಕು, ಆದರೆ ಒಂದೇ ಸಾಕು. ಆಕೆ ನೋಡಿಕೊಳ್ಳುತ್ತಿದ್ದ ಒಂದು ವ್ಯವಸ್ಥೆಯಲ್ಲಿ ಒಳಭಾಗದ ಸರ್ವರುಗಳು ದಿನವೂ ದೊಡ್ಡ ದೊಡ್ಡ ಕಡತಗಳನ್ನು ಎಸ್‌3 ಎಂಬ ಎಡಬ್ಲ್ಯುಎಸ್‌ನದೇ ಉಗ್ರಾಣಕ್ಕೆ ಕಳಿಸುತ್ತಿದ್ದವು. ಅವು ಹೊರಗೆ ಹೋಗುತ್ತಿದ್ದದ್ದು ನ್ಯಾಟ್ ಗೇಟ್‌ವೇ ಎಂಬ ಬಾಗಿಲಿನಿಂದ. ಆ ಬಾಗಿಲಿಗೆ ಗಂಟೆಯ ಬಾಡಿಗೆಯೂ ಉಂಟು, ಹಾದುಹೋಗುವ ಪ್ರತಿ ಜಿಬಿ ಮಾಹಿತಿಗೆ ಬೇರೆ ದರವೂ ಉಂಟು. ಉಗ್ರಾಣವೂ ಅದೇ ಕಂಪನಿಯದು, ಸರ್ವರೂ ಅದೇ ಕಂಪನಿಯದು. ಆದರೂ ಪಕ್ಕದ ಹಳ್ಳಿಗೆ ಹೋಗಲು ಹೆದ್ದಾರಿ ಹತ್ತಿ ಟೋಲ್ ಕಟ್ಟಿದ ಹಾಗೆ ತಿಂಗಳು ತಿಂಗಳು ಬಿಲ್ಲು ಬರುತ್ತಿತ್ತು. ಎಸ್‌3ಗೆ ನೇರವಾಗಿ ಹೋಗಲು ‘ಗೇಟ್‌ವೇ ಎಂಡ್‌ಪಾಯಿಂಟ್’ ಎಂಬ ಒಳದಾರಿ ಇದೆ, ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಪರೀಕ್ಷೆಗೆ ಓದುವಾಗ ಇದು ಗೊತ್ತಾಗಿ ಆಕೆ ಹಿರಿಯರಿಗೆ ಹೇಳಿದಳು, ಅವರು ಪರಿಶೀಲಿಸಿ ಬದಲಾಯಿಸಿದರು. ಇದನ್ನು ಪೋಸ್ಟಿನಲ್ಲಿ ಬರೆದರೆ ಓದುವ ಎಂಜಿನಿಯರಿಗೆ ಒಂದೇ ವಾಕ್ಯದಲ್ಲಿ ಆಕೆಯ ಮಟ್ಟ ತಿಳಿಯುತ್ತದೆ. ಬ್ಯಾಡ್ಜ್ ಅಷ್ಟನ್ನು ಹೇಳಲಾರದು.

ಆದರೆ ಇಲ್ಲೇ ಜಾರುವ ಜಾಗವೂ ಇದೆ. ಗ್ರಾಹಕ ಕಂಪನಿಯ ಹೆಸರು, ಉಳಿದ ಹಣದ ಮೊತ್ತ, ಜಾಲದ ಚಿತ್ರ, ಇವು ಯಾವುವೂ ಆಕೆಯವಲ್ಲ. ಬಹುತೇಕ ಕಂಪನಿಗಳ ನೇಮಕಾತಿ ಪತ್ರದಲ್ಲೇ ಗೋಪ್ಯತೆಯ ಷರತ್ತು ಇರುತ್ತದೆ. ಗ್ರಾಹಕರ ಹೆಸರಿಲ್ಲದೆ, ಮೊತ್ತವಿಲ್ಲದೆ ವಿಷಯವನ್ನಷ್ಟೇ ಹೇಳಿದರೆ ತೊಂದರೆಯಿಲ್ಲ. ಅನುಮಾನವಿದ್ದರೆ ಮ್ಯಾನೇಜರನ್ನು ಒಂದು ಮಾತು ಕೇಳುವುದು. ಪರೀಕ್ಷೆಯ ಪ್ರಶ್ನೆಗಳ ವಿಷಯದಲ್ಲಿ ಮಾತ್ರ ಅನುಮಾನಕ್ಕೆ ಎಡೆಯೇ ಇಲ್ಲ. ಕೂರುವ ಮುನ್ನ ಪ್ರತಿಯೊಬ್ಬರೂ ಒಪ್ಪಿಕೊಳ್ಳುವ ಕರಾರಿನ ಪ್ರಕಾರ ಪ್ರಶ್ನೆಗಳನ್ನು ಹೊರಗೆ ಹೇಳುವ ಹಾಗಿಲ್ಲ, ಹೇಳಿದರೆ ಪ್ರಮಾಣಪತ್ರವನ್ನೇ ರದ್ದು ಮಾಡಬಹುದು. ‘ನನಗೆ ಇಂಥಿಂಥ ಪ್ರಶ್ನೆ ಬಂದಿದ್ದವು’ ಎಂದು ಮುಂದಿನವರಿಗೆ ಉಪಕಾರವಾಗಲೆಂದು ಬರೆಯುವವರು ಈ ಕರಾರನ್ನು ಓದಿರುವುದಿಲ್ಲ. ಯಾವ ಯಾವ ವಿಷಯ ಓದಬೇಕು ಎಂಬುದನ್ನು ಎಡಬ್ಲ್ಯುಎಸ್ಸೇ ಪರೀಕ್ಷಾ ಮಾರ್ಗದರ್ಶಿಯಲ್ಲಿ ಪ್ರಕಟಿಸಿದೆ, ಭದ್ರತೆಗೆ ಶೇ. 30, ಕೆಡದೆ ನಿಲ್ಲುವಿಕೆಗೆ 26, ವೇಗಕ್ಕೆ 24, ಖರ್ಚಿಗೆ 20 ಎಂದು ಪಾಲು ಸಮೇತ. ಅದನ್ನು ಹೇಳಬಹುದು.

ಕರಡನ್ನು ಆಕೆ ಎರಡನೇ ಸಲ ಬರೆದಾಗ ಹೀಗಾಯಿತು. ಹೆಸರುಗಳ ಬದಲು ಇಲ್ಲಿ ಸಂಬಂಧವನ್ನಷ್ಟೇ ಹಾಕಿದ್ದೇನೆ:

‘ಕಳೆದ ವಾರ ಎಡಬ್ಲ್ಯುಎಸ್ ಸರ್ಟಿಫೈಡ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ – ಅಸೋಸಿಯೇಟ್ ಪರೀಕ್ಷೆ ಪಾಸಾದೆ. ನಾಲ್ಕು ವರ್ಷದಿಂದ ಸಪೋರ್ಟ್ ತಂಡದಲ್ಲಿದ್ದೇನೆ. ಕೆಟ್ಟದ್ದನ್ನು ಸರಿಮಾಡುವುದು ಗೊತ್ತಿತ್ತು, ಹಾಗೇಕೆ ಕಟ್ಟಿದ್ದಾರೆ ಎಂಬುದು ಗೊತ್ತಿರಲಿಲ್ಲ. ಅದನ್ನು ತಿಳಿಯಲು ಓದಿದೆ. ಓದುವಾಗ ಕಲಿತ ಒಂದು ವಿಷಯ ಆಗಲೇ ಕೆಲಸಕ್ಕೆ ಬಂದಿದೆ: ಎಸ್‌3ಗೆ ಹೋಗುವ ಕಡತಗಳು ನ್ಯಾಟ್ ಗೇಟ್‌ವೇ ಮೂಲಕ ಹೋಗಬೇಕಾಗಿಲ್ಲ, ಗೇಟ್‌ವೇ ಎಂಡ್‌ಪಾಯಿಂಟ್ ಸಾಕು.

ಜಾಲದ ಪಾಠವನ್ನು ನನಗೆ ವೈಟ್‌ಬೋರ್ಡಿನ ಮುಂದೆ ನಿಂತು ಹೇಳಿಕೊಟ್ಟವರು ನಮ್ಮ ತಂಡದ ಹಿರಿಯರು. ಕೇಳಿದ್ದನ್ನೇ ಮತ್ತೆ ಕೇಳಿದರೂ ಬೇಸರಿಸಲಿಲ್ಲ. ನನ್ನ ಅಣಕು ಪರೀಕ್ಷೆಗಳನ್ನು ತಿದ್ದಿ, ಪ್ರಶ್ನೆಯ ಕೊನೆಯ ಸಾಲು ಓದುವ ಅಭ್ಯಾಸ ಮಾಡಿಸಿದ್ದು ಗೆಳತಿ. ಓದಲು ಎರಡು ಶನಿವಾರ ಬಿಡುವು ಮಾಡಿಕೊಟ್ಟದ್ದು ಸಹೋದ್ಯೋಗಿ. ಪರೀಕ್ಷೆಯ ಶುಲ್ಕ ಕಂಪನಿಯಿಂದ ಬರುವಂತೆ ನೋಡಿಕೊಂಡವರು ನಮ್ಮ ಮ್ಯಾನೇಜರ್. ಎಲ್ಲರಿಗೂ ವಂದನೆ. ಇನ್ನು ಮುಂದೆ ಕಟ್ಟುವ ಕೆಲಸದಲ್ಲಿ ಪಳಗಬೇಕು, ಅದು ಈ ಪರೀಕ್ಷೆಯಿಂದ ಬರುವಂಥದ್ದಲ್ಲ.’

‘ವಿನಮ್ರಳಾಗಿದ್ದೇನೆ’ ಎಂಬ ಮಾತು ಎಲ್ಲೂ ಇಲ್ಲ, ಆದರೆ ತನಗೆ ಏನು ಗೊತ್ತಿರಲಿಲ್ಲ ಎಂಬುದೂ, ಇನ್ನೂ ಏನು ಬಾರದು ಎಂಬುದೂ ಇದೆ. ಅಂಕ ಎಷ್ಟು ಬಂತೆಂದು ಬರೆದಿಲ್ಲ. ಅದು ಬೇಕಾಗಿಯೂ ಇಲ್ಲ: 730 ಬಂದವರಿಗೂ 930 ಬಂದವರಿಗೂ ಬರುವ ಬ್ಯಾಡ್ಜ್ ಒಂದೇ. ಫಲಿತಾಂಶದ ಹಾಳೆಯನ್ನೇ ಫೋಟೋ ತೆಗೆದು ಹಾಕುವವರು ಅದರ ಮೇಲೆ ತಮ್ಮ ಅಭ್ಯರ್ಥಿ ಸಂಖ್ಯೆಯಂಥ ವಿವರಗಳೂ ಇರುತ್ತವೆ ಎಂಬುದನ್ನು ಮರೆತಿರುತ್ತಾರೆ. ನಿದ್ದೆಗೆಟ್ಟ ರಾತ್ರಿಗಳ ಪ್ರಸ್ತಾಪವನ್ನು ಬಿಟ್ಟದ್ದೂ ಒಳ್ಳೆಯದೇ ಆಯಿತು. ಎಲ್ಲರೂ ಹಾಗೆ ಬರೆಯುವುದರಿಂದ ಯಾರೂ ನಂಬುವುದಿಲ್ಲ.

ಪೋಸ್ಟ್ ಒತ್ತುವ ಮುನ್ನ ಇನ್ನೊಂದು ಕೆಲಸ ಇದೆ, ಬಹಳ ಜನ ಮಾಡದಿರುವುದು. ಹೆಸರಿಸಲಿರುವ ನಾಲ್ವರಿಗೂ ಕರಡನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ, ‘ಹೀಗೆ ಬರೆಯಲೇ?’ ಎಂದು ಕೇಳುವುದು. ಕೃತಜ್ಞತೆ ಹೇಳಲು ಅನುಮತಿ ಬೇರೆ ಬೇಕೇ ಎನ್ನಬಹುದು. ಬೇಕು. ಶನಿವಾರದ ಸರದಿ ಬದಲಿಸಿಕೊಂಡದ್ದು ಗೆಳೆಯರಿಬ್ಬರ ನಡುವಿನ ಬಾಯಿಮಾತಿನ ಏರ್ಪಾಡಾಗಿ, ರೋಸ್ಟರಿನಲ್ಲಿ ಆಕೆಯ ಹೆಸರೇ ಉಳಿದಿದ್ದರೆ, ಆ ಸಾಲು ಅವನನ್ನು ಮ್ಯಾನೇಜರಿನ ಎದುರು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಅದಕ್ಕೇ ಎರಡನೇ ಕರಡಿನಲ್ಲಿ ‘ಬಿಡುವು ಮಾಡಿಕೊಟ್ಟದ್ದು’ ಎಂದಷ್ಟೇ ಇದೆ. ಒಮ್ಮೆ ಫೇಲಾಗಿದ್ದ ಗೆಳತಿಗೆ ಅದು ಊರಿಗೆಲ್ಲ ಗೊತ್ತಾಗುವುದು ಇಷ್ಟವಿರಲಿಕ್ಕಿಲ್ಲ. ಆ ವಿಷಯವನ್ನೂ ಬಿಟ್ಟಾಯಿತು. ಹಿರಿಯರು ‘ಅಯ್ಯೋ, ಇದಕ್ಕೆಲ್ಲ ನನ್ನ ಹೆಸರು ಯಾಕಮ್ಮ’ ಎನ್ನಬಹುದು. ನಮ್ಮಲ್ಲಿ ಹತ್ತಿರದವರಿಗೆ ಎದುರಿಗೆ ಥ್ಯಾಂಕ್ಸ್ ಹೇಳಿದರೆ ದೂರ ತಳ್ಳಿದ ಹಾಗೆ ಎಂಬ ಭಾವನೆ ಇನ್ನೂ ಇದೆ. ಹಾಗೆಂದವರು ಸಂಕೋಚದಿಂದ ಹೇಳಿದರೋ ನಿಜವಾಗಿಯೂ ಬೇಡವೆಂದರೋ ಎಂಬುದು ಜೊತೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತಾಗುತ್ತದೆ. ನಿಜವಾಗಿಯೂ ಬೇಡವಾದರೆ ಬಿಡಬೇಕು.

ಒಪ್ಪಿದವರ ಹೆಸರನ್ನು @ ಚಿಹ್ನೆ ಹಾಕಿ, ಹೆಸರು ಬರೆದು, ಕೆಳಗೆ ತೋರುವ ಪಟ್ಟಿಯಿಂದ ಆರಿಸಬೇಕು. ಬೆಂಗಳೂರಿನಲ್ಲಿ ಒಂದೇ ಹೆಸರಿನವರು ಸಾವಿರ ಜನ ಇರುವುದರಿಂದ ಫೋಟೋ ನೋಡಿ ಆರಿಸುವುದು ಕ್ಷೇಮ. ಅಪರಿಚಿತರೊಬ್ಬರಿಗೆ ವೈಟ್‌ಬೋರ್ಡಿನ ಪಾಠಕ್ಕೆ ವಂದನೆ ಹೋದ ಪ್ರಸಂಗಗಳಿವೆ. ಹೀಗೆ ಹೆಸರಿಸಿದವರಿಗೆ ಸೂಚನೆ ಹೋಗುತ್ತದೆ. ಬೇಡವೆನಿಸಿದರೆ ಅವರು ಆ ಕೊಂಡಿಯನ್ನು ತೆಗೆದುಹಾಕಬಹುದು. ಲಿಂಕ್ಡ್‌ಇನ್ ಪೋಸ್ಟಿಗೆ 3,000 ಅಕ್ಷರಗಳ ಮಿತಿ ಇದೆ, ಆದರೆ ಓದುವವರಿಗೆ ಮೊದಲು ಕಾಣುವುದು ಮೂರು ಸಾಲಿನಷ್ಟು. ಉಳಿದದ್ದನ್ನು ಒತ್ತಿ ತೆರೆಯಬೇಕು. ಆದ್ದರಿಂದ ಪರೀಕ್ಷೆಯ ಹೆಸರು ಮೊದಲ ಸಾಲಿನಲ್ಲೇ ಬರಬೇಕು. ‘ಕೊನೆಗೂ ಆಯಿತು!’ ಎಂದು ಶುರುಮಾಡಿದರೆ ಏನಾಯಿತೆಂದು ತಿಳಿಯುವ ಮುನ್ನವೇ ಓದುಗ ಮುಂದೆ ಹೋಗಿರುತ್ತಾನೆ.

ಬ್ಯಾಡ್ಜ್ ಬರುವವರೆಗೆ ಕಾಯುವುದಕ್ಕೂ ಕಾರಣವಿದೆ. ಬ್ಯಾಡ್ಜ್ ಎಂದರೆ ಚಿತ್ರವಷ್ಟೇ ಅಲ್ಲ. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಿ ಹಾಕಿಕೊಳ್ಳಬಹುದು. ಕ್ರೆಡ್ಲಿಯ ಕೊಂಡಿ ಒತ್ತಿದರೆ ತೆರೆಯುವ ಪುಟದಲ್ಲಿ ಯಾರಿಗೆ, ಯಾವ ಸಂಸ್ಥೆ, ಎಂದು ಕೊಟ್ಟಿತು, ಎಂದಿನವರೆಗೆ ಸಿಂಧು ಎಂಬುದೆಲ್ಲ ಕೊಟ್ಟವರ ಕಡೆಯಿಂದಲೇ ಇರುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವವರು ನೋಡುವುದು ಅದನ್ನು. ಪ್ರೊಫೈಲಿನಲ್ಲಿ Licenses & certifications ಎಂಬ ವಿಭಾಗವಿದೆ. ಅಲ್ಲಿ ಪರೀಕ್ಷೆಯ ಹೆಸರು, ಕೊಟ್ಟ ಸಂಸ್ಥೆ, ಕೊಟ್ಟ ತಿಂಗಳು, ಮುಗಿಯುವ ತಿಂಗಳು ತುಂಬಿ, Credential URL ಎಂಬ ಜಾಗದಲ್ಲಿ ಈ ಕೊಂಡಿಯನ್ನು ಹಾಕಬೇಕು. ಪೋಸ್ಟ್ ನಾಲ್ಕು ದಿನದಲ್ಲಿ ಕೆಳಗೆ ಸರಿದುಹೋಗುತ್ತದೆ, ಈ ವಿಭಾಗ ಹಾಗೇ ಉಳಿಯುತ್ತದೆ. ಪೋಸ್ಟನ್ನು ಚೆಂದವಾಗಿ ಬರೆದು ಇದನ್ನು ತುಂಬದೆ ಬಿಟ್ಟವರು ನನಗೆ ಗೊತ್ತಿರುವ ಪೈಕಿ ಕಡಿಮೆಯೇನಿಲ್ಲ.

ಪೋಸ್ಟ್ ಹಾಕಿದ ಮೇಲೆ ಬರುವ ಸಂದೇಶಗಳಲ್ಲಿ ಅಭಿನಂದನೆ ಒಂದು ಬಗೆ. ಇನ್ನೊಂದು ಬಗೆ: ‘ಅಕ್ಕಾ, ಡಂಪ್ಸ್ ಇದ್ದರೆ ಕಳಿಸಿ.’ ಡಂಪ್ಸ್ ಎಂದರೆ ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೆಗಳ ಕಂತೆ. ಅವನ್ನು ಮಾರುವುದೂ ಬಳಸುವುದೂ ಕರಾರಿಗೆ ವಿರುದ್ಧ, ಜೊತೆಗೆ ಎಷ್ಟೋ ಕಂತೆಗಳಲ್ಲಿ ಉತ್ತರಗಳೇ ತಪ್ಪಿರುತ್ತವೆ. ಕೇಳಿದ ಹುಡುಗನನ್ನು ಬಯ್ಯುವ ಬದಲು ಎಡಬ್ಲ್ಯುಎಸ್‌ನ ಸ್ಕಿಲ್ ಬಿಲ್ಡರ್ ತಾಣದಲ್ಲಿ 20 ಪ್ರಶ್ನೆಗಳ ಅಧಿಕೃತ ಅಭ್ಯಾಸ ಪ್ರಶ್ನಾವಳಿ ಉಚಿತವಾಗಿ ಸಿಗುತ್ತದೆ ಎಂದು ತಿಳಿಸಿದರೆ ಅವನಿಗೆ ಉಪಕಾರ. ಮೂರನೆಯ ಬಗೆಯದಕ್ಕೆ ಮಾತ್ರ ಉತ್ತರ ಕೊಡಲೇಬಾರದು. ‘ಮುಂದಿನ ಪರೀಕ್ಷೆ ನಾವೇ ಪಾಸು ಮಾಡಿಸುತ್ತೇವೆ, ಪಾಸಾದ ಮೇಲೆ ದುಡ್ಡು ಕೊಡಿ’ ಎಂದು ಹೇಳುವವರು ಪೋಸ್ಟ್ ಹಾಕಿದವರನ್ನು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಬದಲು ಬೇರೆಯವರು ಕೂತು ಬರೆಯುವುದು ಅವರ ವ್ಯಾಪಾರ. ಅದಕ್ಕಾಗಿ ಪರೀಕ್ಷಾ ಖಾತೆಯ ಪಾಸ್‌ವರ್ಡನ್ನೂ ಗುರುತಿನ ಚೀಟಿಯ ಪ್ರತಿಯನ್ನೂ ಕೇಳುತ್ತಾರೆ, ಆಮೇಲೆ ಅದನ್ನೇ ಹಿಡಿದು ಹೆದರಿಸಿ ಹಣ ಕೀಳಲು ಅವರಿಗೆ ಕಷ್ಟವಿಲ್ಲ. ಎಡಬ್ಲ್ಯುಎಸ್ ಪಾಸಾದವರಿಗೆ ಮುಂದಿನ ಪರೀಕ್ಷೆಗೆ ಅರ್ಧ ಶುಲ್ಕದ ರಿಯಾಯಿತಿಯನ್ನು ಖಾತೆಯಲ್ಲೇ ಕೊಡುತ್ತದೆ. ಯಾರಿಂದಲೂ ಕೊಳ್ಳಬೇಕಾದದ್ದೇನೂ ಇಲ್ಲ.

ಕೆಲವರಿಗೆ ಇನ್ನೊಂದು ಅಳುಕಿರುತ್ತದೆ: ಇದನ್ನು ನೋಡಿ ಮ್ಯಾನೇಜರ್ ‘ಇವಳು ಬೇರೆ ಕೆಲಸ ಹುಡುಕುತ್ತಿದ್ದಾಳೆ’ ಎಂದುಕೊಂಡರೆ? ಅಳುಕು ಸುಳ್ಳಲ್ಲ, ಲಿಂಕ್ಡ್‌ಇನ್ ಅನ್ನು ಕೆಲಸ ಹುಡುಕಲು ಬಳಸುವವರು ಬಹಳ ಜನ ಇದ್ದಾರೆ. ಆದರೆ ಶುಲ್ಕ ಕೊಡಿಸಿದ ಮ್ಯಾನೇಜರಿಗೆ ಸುದ್ದಿ ಪೋಸ್ಟಿನಿಂದ ಗೊತ್ತಾಗಬಾರದು. ಅದಕ್ಕಿಂತ ಮೊದಲು ಬಾಯಲ್ಲೇ ಹೇಳಿರಬೇಕು. ಎದುರಿಗೆ ಕೇಳಿದ ಸುದ್ದಿಯನ್ನು ಆಮೇಲೆ ಪರದೆಯ ಮೇಲೆ ಓದಿದವರಿಗೆ ಬೇರೆ ಅರ್ಥ ಹೊಳೆಯುವುದು ಕಡಿಮೆ.

ಈ ಪ್ರಮಾಣಪತ್ರಕ್ಕೆ ಮೂರು ವರ್ಷ ಆಯುಷ್ಯ. ಆಮೇಲೆ ನವೀಕರಿಸದಿದ್ದರೆ ಪೋಸ್ಟಿನಲ್ಲಿ ಏನೇ ಬರೆದಿದ್ದರೂ ಕ್ರೆಡ್ಲಿಯ ಪುಟ ಅವಧಿ ಮುಗಿದಿದೆ ಎಂದೇ ತೋರಿಸುತ್ತದೆ. ಅಷ್ಟರೊಳಗೆ ನೆರವಾದ ನಾಲ್ವರಲ್ಲಿ ಒಬ್ಬಿಬ್ಬರಾದರೂ ಬೇರೆ ಕೆಲಸಕ್ಕೆ ಪ್ರಯತ್ನಿಸುತ್ತಿರುತ್ತಾರೆ. ಅವರಿಗೆ ಆಗ ಉಪಯೋಗಕ್ಕೆ ಬರುವುದು ಈ ಹಳೆಯ ಪೋಸ್ಟಲ್ಲ, ಯಾರೂ ಅಷ್ಟು ಹಿಂದಕ್ಕೆ ಹೋಗಿ ಓದುವುದಿಲ್ಲ. ಲಿಂಕ್ಡ್‌ಇನ್ನಿನಲ್ಲಿ ಸಂಪರ್ಕದಲ್ಲಿರುವ ಸಹೋದ್ಯೋಗಿಯ ಪ್ರೊಫೈಲಿಗೆ ಹೋಗಿ, More ಒತ್ತಿದರೆ Recommend ಎಂಬುದು ಸಿಗುತ್ತದೆ. ಅಲ್ಲಿ ನಾಲ್ಕು ಸಾಲು ಬರೆದು ಕಳಿಸಿದರೆ, ಅವರು ಓದಿ ಒಪ್ಪಿದ ಮೇಲೆ ಅದು ಅವರದೇ ಪ್ರೊಫೈಲಿನಲ್ಲಿ, ಬರೆದವರ ಹೆಸರಿನ ಸಮೇತ, ಅವರು ತೆಗೆಯುವವರೆಗೂ ಇರುತ್ತದೆ. ವೈಟ್‌ಬೋರ್ಡಿನ ಮುಂದೆ ನಿಂತು ಹೇಳಿಕೊಟ್ಟವರು ನಿಮ್ಮ ಕಚೇರಿಯಲ್ಲೂ ಒಬ್ಬರಿದ್ದರೆ, ಪೋಸ್ಟ್ ಬರೆದ ದಿನವೇ ಅದನ್ನೂ ಬರೆದು ಕಳಿಸಿ.